‘ಸಾಲ ಎಷ್ಟಿತ್ತು?’ ಎಂದು ಕೇಳಬೇಡಿ

ಜಿಲ್ಲಾ ಪುಟದಲ್ಲಿ ಈ ಸುದ್ದಿಯನ್ನು ನೀವು ನೂರು ಸಲ ಓದಿರುತ್ತೀರಿ. ಶೀರ್ಷಿಕೆ ‘ಸಾಲಬಾಧೆ: ರೈತ ಆತ್ಮಹತ್ಯೆ’. ಕೆಳಗೆ ಊರು, ಹೆಸರು, ವಯಸ್ಸು. ಆಮೇಲೆ ‘ಬ್ಯಾಂಕ್, ಸಹಕಾರ ಸಂಘ ಹಾಗೂ ಕೈಗಡ ಸೇರಿ ಇಷ್ಟು ಲಕ್ಷ ಸಾಲ ಮಾಡಿದ್ದರು ಎನ್ನಲಾಗಿದೆ’ ಎಂಬ ಸಾಲು. ಕೊನೆಗೆ ‘ಮೃತರಿಗೆ ಪತ್ನಿ, ಇಬ್ಬರು ಮಕ್ಕಳಿದ್ದಾರೆ’. ಆರು ವಾಕ್ಯದಲ್ಲಿ ಒಂದು ಜೀವ ಮುಗಿಯಿತು. ಈ ಆರು ವಾಕ್ಯಕ್ಕಾಗಿ ನಮ್ಮವರು ಸತ್ತ ದಿನವೇ ಆ ಮನೆಯ ಅಂಗಳಕ್ಕೆ ಹೋಗಿ ಮೊಬೈಲ್ ಹಿಡಿದು ನಿಂತಿರುತ್ತಾರೆ.

ಅಲ್ಲಿ ಕೇಳುವ ಪ್ರಶ್ನೆಗಳೂ ಎಲ್ಲ ಕಡೆ ಒಂದೇ. ಯಾಕೆ ಹೀಗೆ ಮಾಡಿಕೊಂಡರು? ಸಾಲ ಎಷ್ಟಿತ್ತು? ಹೇಗೆ ಆಯಿತು, ಯಾರು ಮೊದಲು ನೋಡಿದರು? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಮನೆಯವರನ್ನು ಅತಿ ಹೆಚ್ಚು ನೋಯಿಸುವ ಪ್ರಶ್ನೆಗಳೂ ಇವೇ, ಅತಿ ಕಡಿಮೆ ಮಾಹಿತಿ ಕೊಡುವ ಪ್ರಶ್ನೆಗಳೂ ಇವೇ. ಸೂಕ್ಷ್ಮವಾಗಿ ನಡೆದುಕೊಂಡರೆ ಸುದ್ದಿ ಕೈತಪ್ಪುತ್ತದೆ, ಸುದ್ದಿ ಬೇಕೆಂದರೆ ಸ್ವಲ್ಪ ಒರಟಾಗಬೇಕು ಎಂದು ನಮ್ಮ ವೃತ್ತಿಯಲ್ಲಿ ಒಂದು ಮಾತಿದೆ. ರೈತರ ಆತ್ಮಹತ್ಯೆಯ ವರದಿಯಲ್ಲಿ ಅದು ಸುಳ್ಳು. ಒರಟಾಗಿ ಕೇಳಿದವರು ತರುವುದು ‘ಎನ್ನಲಾಗಿದೆ’ ಎಂಬ ಪದವನ್ನು ಮಾತ್ರ.

ಮನೆಯವರನ್ನು ಏನು ಕೇಳಬೇಕು ಎನ್ನುವುದಕ್ಕಿಂತ ಮೊದಲು, ಅವರನ್ನು ಏನು ಕೇಳುವ ಅಗತ್ಯವೇ ಇಲ್ಲ ಎಂದು ನೋಡಿಕೊಳ್ಳಬೇಕು. ಈ ಪಟ್ಟಿ ದೊಡ್ಡದು. ಸಾವು ಹೇಗಾಯಿತು, ಎಷ್ಟು ಹೊತ್ತಿಗೆ, ಯಾರು ನೋಡಿದರು ಎಂಬುದೆಲ್ಲ ಠಾಣೆಯ ಯುಡಿಆರ್‌ನಲ್ಲಿ, ಅಂದರೆ ಅಸಹಜ ಸಾವಿನ ಪ್ರಕರಣದ ಕಾಗದದಲ್ಲಿ ಇರುತ್ತದೆ. ಮನೆಯವರೊಬ್ಬರು ಕೊಟ್ಟ ದೂರಿನ ಮೇಲೆಯೇ ಅದು ದಾಖಲಾಗಿರುತ್ತದೆ. ಠಾಣೆಯಲ್ಲಿ ಕೇಳಿ ಆ ದೂರನ್ನು ಒಮ್ಮೆ ಪೂರ್ತಿ ಓದಿ. ಯಾರ ಹೆಸರಿನಲ್ಲಿ ದೂರಿದೆ ಎಂಬುದನ್ನು ಗುರುತು ಮಾಡಿಕೊಳ್ಳಿ, ಅದು ಮುಂದೆ ಕೆಲಸಕ್ಕೆ ಬರುತ್ತದೆ. ಇನ್ನು ‘ಹೇಗೆ’ ಎಂಬುದನ್ನು ನಾವು ಬರೆಯುವುದೇ ಇಲ್ಲವಲ್ಲ. ಆತ್ಮಹತ್ಯೆಯ ವಿಧಾನವನ್ನು ವಿವರಿಸಬಾರದು, ಜಾಗದ ವಿವರ ಕೊಡಬಾರದು, ಚಿತ್ರ ಹಾಕಬಾರದು, ರೋಚಕ ಶೀರ್ಷಿಕೆ ಕೊಡಬಾರದು ಎಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಹೇಳಿದೆ. ಬರೆಯಬಾರದ ಸಂಗತಿಯನ್ನು ಹೆಂಡತಿಯ ಬಾಯಿಂದ ಇನ್ನೊಮ್ಮೆ ಹೇಳಿಸುವುದು ಯಾವ ಸುದ್ದಿಗೆ?

ಹೊಲದ ವಿಷಯವೂ ಹಾಗೆಯೇ. ಸರ್ವೆ ನಂಬರ್ ಗೊತ್ತಾದರೆ ಪಹಣಿಯನ್ನು ಯಾರು ಬೇಕಾದರೂ ಭೂಮಿ ವೆಬ್‌ಸೈಟಿನಲ್ಲಿ ನೋಡಬಹುದು. ಎಷ್ಟು ಎಕರೆ, ಯಾರ ಹೆಸರಿನಲ್ಲಿದೆ, ಜಂಟಿಯೋ ಒಂಟಿಯೋ, ಯಾವ ಬೆಳೆ ನಮೂದಾಗಿದೆ ಎಂಬುದು ಅಲ್ಲಿರುತ್ತದೆ. ಋಣದ ಕಾಲಂನಲ್ಲಿ ಆ ಜಮೀನಿನ ಮೇಲೆ ಯಾವ ಬ್ಯಾಂಕು, ಯಾವ ಸಂಘ ಸಾಲದ ಬೋಜಾ ಕೂರಿಸಿದೆ ಎಂಬುದೂ ಇರುತ್ತದೆ. ಮಳೆಯ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಹೋಬಳಿವಾರು ಸಿಗುತ್ತದೆ. ಬೆಳೆ ಹೇಗಿತ್ತು ಎಂದು ರೈತ ಸಂಪರ್ಕ ಕೇಂದ್ರದವರನ್ನೋ ಪಕ್ಕದ ಹೊಲದವರನ್ನೋ ಕೇಳಿದರೆ ಮನೆಯವರಿಗಿಂತ ನಿಖರವಾಗಿ ಹೇಳುತ್ತಾರೆ. ಇದೆಲ್ಲ ಮುಗಿಸಿಕೊಂಡು ಹೋದರೆ ಮನೆಯಲ್ಲಿ ಕೇಳಬೇಕಾದ್ದು ನಾಲ್ಕೈದು ಪ್ರಶ್ನೆ ಮಾತ್ರ ಉಳಿಯುತ್ತದೆ.

ಯಾವಾಗ ಹೋಗಬೇಕು? ಸತ್ತ ದಿನ ಹೋಗಲೇಬೇಡಿ ಎಂದರೆ ಡೆಸ್ಕಿನವರು ಒಪ್ಪುವುದಿಲ್ಲ, ನನಗೂ ಗೊತ್ತು. ಆ ದಿನದ ಸುದ್ದಿಗೆ ಪೊಲೀಸರ ಮಾಹಿತಿ, ಕೃಷಿ ಅಧಿಕಾರಿಯ ಒಂದು ಮಾತು ಸಾಕು. ನಾಲ್ಕು ವಾಕ್ಯ ಬರೆದು ಕಳಿಸಿ. ‘ಸಾಲ ಎಷ್ಟು ಹಾಕಿಲ್ಲ’ ಎಂದು ಡೆಸ್ಕ್ ಕೇಳಿದರೆ ‘ಇನ್ನೂ ಖಚಿತವಾಗಿಲ್ಲ’ ಎನ್ನಿ. ಮಣ್ಣಾದ ದಿನ ಮನೆಯಲ್ಲಿ ಸಾಲದ ಲೆಕ್ಕ ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಗೊತ್ತಿರುವವರೇ ಹೋಗಿಬಿಟ್ಟಿರುತ್ತಾರೆ. ಕಾರ್ಯವೆಲ್ಲ ಮುಗಿದು, ನೆಂಟರು ಊರು ಸೇರಿ, ಪರಿಹಾರದ ಕಡತ ಓಡಾಡುವ ಹೊತ್ತಿಗೆ ಹೋದರೆ ಮನೆಯವರ ಕೈಗೆ ಕಾಗದಗಳು ಬಂದಿರುತ್ತವೆ. ಅವರಿಗೂ ಹೇಳಿಕೊಳ್ಳುವುದಕ್ಕೆ ಏನಾದರೂ ಇರುತ್ತದೆ.

ಒಂದು ಮನೆಯ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ. ಹಾವೇರಿ ಜಿಲ್ಲೆಯ ಒಂದು ಹಳ್ಳಿ. 2023ರ ಮುಂಗಾರು ಕೈಕೊಟ್ಟ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಘೋಷಿಸಿದ್ದು ಆ ಸಲವೇ. ಮನೆಯ ಗುರುತು ಸಿಗಬಾರದೆಂದು ಊರು, ಹೆಸರು ಬಿಟ್ಟಿದ್ದೇನೆ, ಒಂದೆರಡು ವಿವರ ಬದಲಿಸಿದ್ದೇನೆ. ಸ್ವಂತದ್ದು ಮೂರೂವರೆ ಎಕರೆ, ಜೊತೆಗೆ ಎರಡು ಎಕರೆ ಲಾವಣಿಗೆ ಹಾಕಿಕೊಂಡದ್ದು. ಎರಡರಲ್ಲೂ ಗೋವಿನಜೋಳ. ಪತ್ರಿಕೆಗಳಲ್ಲಿ ಬಂದಿದ್ದ ಸಾಲದ ಮೊತ್ತ 9 ಲಕ್ಷ ರೂಪಾಯಿ. ಅದನ್ನು ಹೇಳಿದವರು ಸತ್ತವರ ದೊಡ್ಡಪ್ಪನ ಮಗ. ಹೇಳಿದ್ದು ಶವಾಗಾರದ ಮುಂದೆ.

ನಾನು ಹೋದದ್ದು ಹದಿನೆಂಟನೇ ದಿನ. ಮೊದಲು ಮಾತಾಡಿದ್ದು ಹೆಂಡತಿಯ ಜೊತೆ ಅಲ್ಲ, ಓಣಿಯ ಹಿರಿಯರೊಬ್ಬರ ಜೊತೆ. ಅವರು ಮನೆಗೆ ಹೋಗಿ ಕೇಳಿ, ‘ಬರ್ರಿ ಅಂತಾರ, ಆದ್ರ ಹೆಚ್ಚು ಹೊತ್ತು ಬ್ಯಾಡ್ರಿ’ ಎಂದು ಬಂದು ಹೇಳಿದರು. ಈ ಮಧ್ಯದ ಮನುಷ್ಯ ಬಹಳ ಮುಖ್ಯ. ಹೊಸಿಲಲ್ಲಿ ನಿಂತವನಿಗೆ ‘ಬೇಡ’ ಎನ್ನುವುದು ನಮ್ಮ ಹಳ್ಳಿಯವರಿಗೆ ಕಷ್ಟ, ಬಂದವರನ್ನು ಕೂರಿಸಿ ನೀರು ಕೊಡುವುದೇ ರೂಢಿ. ಆ ಮರ್ಯಾದೆಯನ್ನು ಒಪ್ಪಿಗೆ ಎಂದುಕೊಳ್ಳಬಾರದು. ಇನ್ನೊಬ್ಬರ ಮೂಲಕ ಕೇಳಿಸಿದಾಗ ಮಾತ್ರ ಅವರಿಗೆ ‘ಇವತ್ತು ಬೇಡ’ ಎನ್ನುವ ದಾರಿ ಇರುತ್ತದೆ.

ಕುಳಿತ ಮೇಲೆ ಮೊದಲು ಹೇಳಬೇಕಾದ್ದು ನಾವು ಯಾರಲ್ಲ ಎಂಬುದನ್ನು. ಅಂಥ ಮನೆಗೆ ಪುಸ್ತಕ ಹಿಡಿದು ಬರುವವರು ಬಹಳ ಮಂದಿ. ಪೊಲೀಸರು, ಗ್ರಾಮ ಆಡಳಿತ ಅಧಿಕಾರಿ, ಕೃಷಿ ಇಲಾಖೆಯವರು, ಸಂಘಟನೆಯವರು, ಪಕ್ಷದವರು, ನಾವು. ಎಲ್ಲರೂ ಬರೆದುಕೊಳ್ಳುತ್ತಾರೆ. ಮನೆಯವರ ಕಣ್ಣಿಗೆ ಎಲ್ಲರೂ ಪರಿಹಾರ ಕೊಡಿಸುವವರೇ. ‘ನಾನು ಪತ್ರಿಕೆಯವ್ನ್ರಿ ಅಕ್ಕಾರ, ಸರ್ಕಾರದಿಂದ ಬಂದಿಲ್ಲ. ನಾನು ಬರದ್ರ ರೊಕ್ಕ ಬರ್ತದ ಅಂತ ಹೇಳಾಕ ಆಗಂಗಿಲ್ಲ. ನೀವು ಹೇಳಿದ್ದು ಪೇಪರಿನ್ಯಾಗ ಬರ್ತದ. ಬ್ಯಾಡ ಅನಿಸಿದ್ದನ್ನ ಬಿಡ್ರಿ’ ಎಂದೆ. ಇದು ಸೌಜನ್ಯಕ್ಕೆ ಹೇಳುವ ಮಾತಲ್ಲ. ಪರಿಹಾರಕ್ಕಾಗಿ ಮಾತಾಡುತ್ತಿದ್ದೇವೆ ಎಂದುಕೊಂಡವರು ಪರಿಹಾರಕ್ಕೆ ತಕ್ಕ ಹಾಗೆ ಮಾತಾಡುತ್ತಾರೆ. ಅದು ಅವರ ತಪ್ಪಲ್ಲ, ಆದರೆ ನಮ್ಮ ಮಾಹಿತಿ ಅಲ್ಲೇ ಕೆಡುತ್ತದೆ.

ಆಕೆ ಮೊದಲು ಹೇಳಿದ್ದು ಇದು: ‘ಸಾಲ ಎಷ್ಟಿತ್ತು, ಸಾಲ ಎಷ್ಟಿತ್ತು ಅಂತ ಬಂದವ್ರೆಲ್ಲಾ ಕೇಳ್ತಾರ್ರಿ. ನಾ ಏನ್ ಹೇಳ್ಲಿ? ಅವ್ರು ನನಗ ಎಲ್ಲಾ ಹೇಳ್ತಿದ್ದಿಲ್ಲ.’

ಒಟ್ಟು ಮೊತ್ತ ಎನ್ನುವುದು ಯಾರ ತಲೆಯಲ್ಲೂ ಇರುವುದಿಲ್ಲ. ಬಿಡಿ ಬಿಡಿಯಾಗಿ ಮಾತ್ರ ಇರುತ್ತದೆ. ‘ಎಷ್ಟು’ ಎಂದು ಕೇಳಿದಾಗ ಮನೆಯವರು ಒಂದು ದೊಡ್ಡ ಅಂದಾಜನ್ನು ಹೇಳಿ ಆ ಪ್ರಶ್ನೆಯಿಂದ ಬಿಡಿಸಿಕೊಳ್ಳುತ್ತಾರೆ. ಜೊತೆಗೆ ಆ ಪ್ರಶ್ನೆಯಲ್ಲಿ ಒಂದು ಆಪಾದನೆಯೂ ಇರುತ್ತದೆ: ಇಷ್ಟು ಸಾಲ ಆಗುವವರೆಗೆ ನೀನೇನು ಮಾಡುತ್ತಿದ್ದೆ ಎಂಬಂತೆ. ಅದಕ್ಕೆ ನಾನು ಹೊಲದಿಂದ ಶುರು ಮಾಡುತ್ತೇನೆ. ಬೀಜ ಯಾವಾಗ ಹಾಕಿದಿರಿ? ಬೀಜ, ಗೊಬ್ಬರ ಎಲ್ಲಿ ತಂದಿರಿ? ನಗದೋ ಉದ್ರಿಯೋ? ಬಿತ್ತನೆಯ ಸಾಲು ಹಿಡಿದು ಹೋದರೆ ಸಾಲದ ಸಾಲು ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಮನೆಯಲ್ಲಿ ಜೂನ್ ಕೊನೆಗೆ ಬಿತ್ತಿದ್ದರು, ಮೊಳಕೆ ಸರಿಯಾಗಿ ಬರದೆ ಜುಲೈನಲ್ಲಿ ಎರಡನೇ ಸಲ ಬಿತ್ತಿದ್ದರು. ಎರಡನೇ ಸಲದ ಬೀಜ, ಗೊಬ್ಬರ ಅಂಗಡಿಯಿಂದ ಉದ್ರಿ. ಆ ಬಾಕಿ 38,000. ಲಾವಣಿಯ ಹಣ ಮೊದಲೇ ಕೊಡಬೇಕಿತ್ತು, ಅದಕ್ಕೆ ಆಕೆಯ ಬಂಗಾರ ಬ್ಯಾಂಕಿನಲ್ಲಿ ಅಡ ಇಟ್ಟಿದ್ದರು. 90,000. ಮನೆ ಖರ್ಚಿಗೆಂದು ಆಕೆಯ ಹೆಸರಿನಲ್ಲೇ ಎರಡು ಮೈಕ್ರೋಫೈನಾನ್ಸ್ ಸಂಘಗಳಲ್ಲಿ 90,000 ಎತ್ತಿದ್ದರು. ವಾರದ ಕಂತು ಕಟ್ಟಿ ಉಳಿದದ್ದು 61,000.

ಈ ಕೊನೆಯ ಅಂಕಿಯನ್ನು ಆಕೆ ಬಾಯಲ್ಲಿ ಹೇಳಲಿಲ್ಲ. ಸಾಲದ ಕಾರ್ಡ್ ತಂದು ಕೊಟ್ಟರು. ಮೈಕ್ರೋಫೈನಾನ್ಸ್ ಸಾಲಗಾರರಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ಇಂಥ ಕಾರ್ಡ್ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕಾಗದ ಇದ್ದ ಕಡೆ ಮಾತು ಬೇಡ. ‘ಕಾರ್ಡ್ ಐತೇನ್ರಿ, ನೋಡಬಹುದಾ?’ ಎಂದರೆ ಮುಗಿಯಿತು. ನೆನಪಿಸಿಕೊಂಡು ಹೇಳುವ ಹಿಂಸೆಯೂ ತಪ್ಪುತ್ತದೆ, ಅಂಕಿಯೂ ಸರಿಯಾಗಿರುತ್ತದೆ. ಪಾಸ್‌ಬುಕ್ಕು, ಅಡವಿನ ಚೀಟಿ, ಅಂಗಡಿಯ ಬಿಲ್ಲು ಎಲ್ಲಕ್ಕೂ ಇದೇ ಮಾತು. ಫೋಟೊ ತೆಗೆಯುವುದಾದರೆ ಕೇಳಿ ತೆಗೆಯಿರಿ, ಖಾತೆ ನಂಬರನ್ನು ಬೆರಳಿನಿಂದ ಮುಚ್ಚಿ ತೆಗೆಯಿರಿ. ಮೂಲ ಕಾಗದವನ್ನು ಮಾತ್ರ ಯಾವ ಕಾರಣಕ್ಕೂ ಮನೆಯಿಂದ ಹೊರಗೆ ಒಯ್ಯಬೇಡಿ. ಕಡತಕ್ಕೆ ಅದು ಬೇಕು.

ಉಳಿದದ್ದು ಸೊಸೈಟಿಯ ಬೆಳೆಸಾಲ 1,20,000. ಇದು ಪಹಣಿಯಲ್ಲೇ ಸಿಕ್ಕಿತ್ತು. ಇನ್ನೊಂದು ಪಕ್ಕದೂರಿನ ಒಬ್ಬರ ಹತ್ತಿರ ಕೈಸಾಲ, 1,50,000, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಎಂಟು ತಿಂಗಳ ಬಡ್ಡಿ ನಿಂತಿತ್ತು. ತಿಂಗಳಿಗೆ 4,500ರಂತೆ 36,000. ಇದು ಹೆಂಡತಿಗೆ ಗೊತ್ತೇ ಇರಲಿಲ್ಲ, ತಮ್ಮನಿಗೆ ಗೊತ್ತಿತ್ತು. ಎಲ್ಲ ಕೂಡಿಸಿದರೆ 4,95,000.

ಹಾಗಾದರೆ 9 ಲಕ್ಷ ಎಲ್ಲಿಂದ ಬಂತು? ಅದನ್ನೂ ಬಿಡಿಸಲು ಆಯಿತು. ಅದೇ ಜಂಟಿ ಪಹಣಿಯ ಮೇಲೆ ತಮ್ಮನ ಹೆಸರಿನಲ್ಲಿ ಬ್ಯಾಂಕಿನಲ್ಲಿ 2 ಲಕ್ಷ ಇತ್ತು. ದೊಡ್ಡಪ್ಪನ ಮಗ ಅದನ್ನೂ ಸೇರಿಸಿದ್ದರು. ಮಗಳ ಮದುವೆಗೆ ಮಾಡಿದ್ದ 2 ಲಕ್ಷ ಸಾಲವನ್ನೂ ಸೇರಿಸಿದ್ದರು, ಅದು ಹಿಂದಿನ ವರ್ಷವೇ ಎತ್ತು ಮಾರಿ ತೀರಿತ್ತು. ಅವರಿಗೆ ಸಾಲ ಆದದ್ದು ಗೊತ್ತು, ತೀರಿದ್ದು ಗೊತ್ತಿಲ್ಲ. 8,95,000 ಆಯಿತು, ಬಾಯಲ್ಲಿ 9 ಲಕ್ಷ. ಯಾರೂ ಸುಳ್ಳು ಹೇಳಿರಲಿಲ್ಲ.

ಮೊತ್ತ ಕಡಿಮೆಯಾದರೆ ಸುದ್ದಿಯ ತೂಕ ಕಡಿಮೆಯಾಯಿತೇ? ನಾನು ತದ್ವಿರುದ್ಧ ಎನ್ನುತ್ತೇನೆ. 4,95,000ದಲ್ಲಿ ಸತ್ತವರ ಹೆಸರಿನಲ್ಲಿ, ಕಾಗದ ಸಮೇತ ಇದ್ದದ್ದು ಸೊಸೈಟಿಯ 1,20,000 ಮಾತ್ರ. ಬಂಗಾರದ ಸಾಲ, ಸಂಘದ ಸಾಲ ಹೆಂಡತಿಯ ಹೆಸರಿನಲ್ಲಿ. ಕೈಸಾಲಕ್ಕೆ ಕಾಗದವೇ ಇಲ್ಲ. ಲಾವಣಿಗೂ ಕಾಗದವಿಲ್ಲ. ಕರ್ನಾಟಕದಲ್ಲಿ 2015ರಿಂದ ಇಂಥ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರವಿದೆ. ಆದರೆ ಅದು ಕೃಷಿಯ ಸಾಲದಿಂದಲೇ ಆದ ಸಾವು ಹೌದೋ ಅಲ್ಲವೋ ಎಂದು ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಸಮಿತಿ ಕಾಗದ ನೋಡಿ ತೀರ್ಮಾನಿಸುತ್ತದೆ. ‘9 ಲಕ್ಷ ಸಾಲ ಎನ್ನಲಾಗಿದೆ’ ಎಂದು ಓದಿದ ಓದುಗನಿಗೆ ಕಾಣದ ಸಂಗತಿ ಇದು. ಸಾಲದ ಮುಕ್ಕಾಲು ಪಾಲು ಸಮಿತಿಯ ಮೇಜಿನ ಮೇಲೆ ಕಾಣುವುದೇ ಇಲ್ಲ. ಇದು ಸುದ್ದಿ. ಇದು ಸಿಕ್ಕಿದ್ದು ಒಟ್ಟು ಮೊತ್ತವನ್ನು ಕೇಳದೆ ಇದ್ದದ್ದರಿಂದ.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಕಠಿಣ. ಹೊಲದ ಕೆಲಸದಲ್ಲಿ ಹೆಚ್ಚು ಪಾಲು ಹೆಣ್ಣುಮಕ್ಕಳದಾದರೂ ಜಮೀನು ಅವರ ಹೆಸರಿನಲ್ಲಿ ಇಲ್ಲದ ಕಾರಣ ಅವರು ಸತ್ತರೆ ರೈತರೆಂದು ಲೆಕ್ಕಕ್ಕೇ ಬರುವುದಿಲ್ಲ ಎಂದು ಪಿ. ಸಾಯಿನಾಥ್ ವರ್ಷಗಳಿಂದ ಬರೆಯುತ್ತಿದ್ದಾರೆ. ನಮ್ಮ ತಾಲ್ಲೂಕು ಪುಟಗಳಲ್ಲಿ ‘ರೈತ ಮಹಿಳೆ’ ಎಂಬ ಪದ ಕಾಣುವುದು ಸನ್ಮಾನದ ಸುದ್ದಿಯಲ್ಲಿ ಮಾತ್ರ.

ಇನ್ನು ‘ಯಾಕೆ’ ಎಂಬ ಪ್ರಶ್ನೆ. ಇದನ್ನು ನಾನು ಪೂರ್ತಿ ಬಿಟ್ಟುಬಿಡಿ ಎನ್ನುತ್ತೇನೆ, ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ‘ಕಾರಣ ಬೇಡವಾದರೆ ಪತ್ರಿಕೋದ್ಯಮ ಯಾಕೆ’ ಎಂದು ಒಬ್ಬರು ನನ್ನ ಜೊತೆ ಜಗಳವನ್ನೇ ಆಡಿದ್ದಾರೆ. ಕಾರಣ ಬೇಕು, ಆದರೆ ಅದನ್ನು ಹೆಂಡತಿಯಿಂದ ತೀರ್ಪಿನ ಹಾಗೆ ಬರೆಸಿಕೊಳ್ಳಬಾರದು. ಆಕೆಗೂ ಅದು ಗೊತ್ತಿಲ್ಲ. ರಾತ್ರಿಯೆಲ್ಲ ಆಕೆ ತನ್ನನ್ನೇ ಕೇಳಿಕೊಳ್ಳುತ್ತಿರುವ ಪ್ರಶ್ನೆಯೂ ಅದೇ. ‘ಯಾಕೆ’ ಎಂದಾಗ ಉತ್ತರ ಎರಡೇ ತರಹ ಬರುತ್ತದೆ: ಸಾಲ ಎಂಬ ಒಂದು ಪದ, ಅಥವಾ ಅಳು. ಅದರ ಬದಲು ‘ಯಾವಾಗ’, ‘ಏನಾಯಿತು’, ‘ಯಾರು ಬಂದಿದ್ದರು’ ಎಂದು ಕೇಳಬಹುದು. ಕೊನೆಯ ಎರಡು ತಿಂಗಳಲ್ಲಿ ಮನೆಗೆ ಯಾರು ಯಾರು ಬಂದು ಹೋದರು? ಸಂಘದ ಕಂತು ಯಾವ ವಾರ? ತಪ್ಪಿದ್ದು ಯಾವಾಗಿನಿಂದ? ಆ ಮನೆಯಲ್ಲಿ ಕಂತಿನ ದಿನ ಸೋಮವಾರ. ಮೂರು ಸೋಮವಾರ ತಪ್ಪಿತ್ತು. ಮೂರನೇ ಸೋಮವಾರ ವಸೂಲಿಗೆ ಬಂದವರು ಕತ್ತಲಾಗುವವರೆಗೂ ಕಟ್ಟೆಯ ಮೇಲೆ ಕೂತಿದ್ದರು ಎಂದು ಆಕೆ ಹೇಳಿದರು. ಓಣಿಯ ಇನ್ನೂ ಇಬ್ಬರು ಅದನ್ನೇ ಹೇಳಿದರು. ಮೊತ್ತದಲ್ಲಿ ಅತಿ ದೊಡ್ಡ ಸಾಲ ಕೈಸಾಲ, ಆದರೆ ಪ್ರತಿ ವಾರ ಬಾಗಿಲಿಗೆ ಬರುತ್ತಿದ್ದದ್ದು 61,000ದ ಸಾಲ. ಇದನ್ನು ಬರೆದರೆ ಸಾಕು. ‘ಇದರಿಂದಲೇ ಸತ್ತರು’ ಎಂದು ನಾವು ಬರೆಯಬೇಕಿಲ್ಲ, ಬರೆಯಲೂಬಾರದು. ಆತ್ಮಹತ್ಯೆಗೆ ಒಂದೇ ಕಾರಣ ಇರುವುದು ಅಪರೂಪ. ಪತ್ರಿಕಾ ಮಂಡಳಿಯ ಮಾತು ಇರಲಿ, ಹಳ್ಳಿಯಲ್ಲಿ ಬದುಕಿದ ಯಾರಿಗಾದರೂ ಅದು ಗೊತ್ತು.

ವಸೂಲಿಯವರ ಕಡೆಯ ಮಾತನ್ನೂ ಕೇಳಬೇಕು. ಆ ಕಂಪನಿಯ ಶಾಖೆಗೆ ಹೋಗಿ ಮೂರು ವಿಷಯ ಕೇಳಿದೆ: ಆ ದಿನ ಯಾರು ಹೋಗಿದ್ದರು, ಎಷ್ಟು ಹೊತ್ತಿನವರೆಗೆ ಇದ್ದರು, ಸಾಲ ಕೊಡುವಾಗ ವಿಮೆಯ ಹಣ ಹಿಡಿದಿದ್ದೀರಾ. ಮೊದಲೆರಡಕ್ಕೆ ‘ಮೇಲಿನವರನ್ನು ಕೇಳಿ’ ಎಂದರು. ಮೂರನೆಯದಕ್ಕೆ ಹೌದು ಎಂದರು. ಇಂಥ ಕೆಲವು ವಿಮೆಗಳು ಸಾಲ ಪಡೆದ ಹೆಂಡತಿಯ ಜೊತೆ ಗಂಡನಿಗೂ ಅನ್ವಯಿಸುತ್ತವೆ. ಆಕೆಗೆ ಅದನ್ನು ಯಾರೂ ಹೇಳಿರಲಿಲ್ಲ. ಹದಿನೆಂಟು ದಿನವಾದರೂ ಕಂತು ಕೇಳಲು ಫೋನ್ ಬರುತ್ತಲೇ ಇತ್ತು. ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಕಾನೂನು ತಂದದ್ದು 2025ರಲ್ಲಿ, ಅದಕ್ಕಿಂತ ಮೊದಲಿನ ಮಾತಿದು. ಈಗಲೂ ಅಂಥ ಮನೆಯಲ್ಲಿ ನಾನು ಮರೆಯದೆ ಕೇಳುವ ಪ್ರಶ್ನೆ: ‘ಈಗ ಯಾರು ಬರ್ತಾ ಇದಾರ್ರಿ?’ ಸತ್ತವರ ಬಗ್ಗೆ ಕೇಳುವುದಕ್ಕಿಂತ ಬದುಕಿರುವವರಿಗೆ ಏನಾಗುತ್ತಿದೆ ಎಂದು ಕೇಳಿದರೆ ಮನೆಯವರ ಮಾತಿಗೂ ಜೀವ ಬರುತ್ತದೆ. ಯಾರೂ ಅವರನ್ನು ಅದನ್ನು ಕೇಳಿರುವುದಿಲ್ಲ.

ಕಷ್ಟದ ಸಂದರ್ಭವೊಂದಿದೆ. ಮನೆಯವರು ಸಾಲ ಎನ್ನುತ್ತಾರೆ, ಓಣಿಯಲ್ಲಿ ಒಬ್ಬರು ಪಕ್ಕಕ್ಕೆ ಕರೆದು ‘ಸಾಲ ಅಲ್ರಿ, ಕುಡಿತ. ಗಂಡ ಹೆಂಡ್ತಿ ಜಗಳ’ ಎನ್ನುತ್ತಾರೆ. ಇದು ಬಹುತೇಕ ಎಲ್ಲ ಊರಿನಲ್ಲೂ ನಡೆಯುತ್ತದೆ. ‘ಎರಡೂ ಕಡೆ’ ಎಂದು ಇದನ್ನೂ ಅಚ್ಚು ಹಾಕುವವರಿದ್ದಾರೆ. ಹೆಸರು ಹೇಳಲು ಒಪ್ಪದ ಒಬ್ಬರ ಆ ಒಂದು ಸಾಲು ಕಡತದ ಜೊತೆ ಸೇರಿದರೆ ಕುಟುಂಬಕ್ಕೆ ಏನಾಗಬಹುದು ಎಂದು ಅವರು ಯೋಚಿಸಿರುವುದಿಲ್ಲ. ಹಾಗೆಂದು ಮುಚ್ಚಿಡಬೇಕೇ? ನಾನು ಮಾಡುವುದು ಇಷ್ಟು: ಕಾರಣವನ್ನೇ ಶೀರ್ಷಿಕೆಯಲ್ಲಿ ಹಾಕುವುದಿಲ್ಲ. ಬೆಳೆ ಹೋದದ್ದು, ಸಾಲ ಇದ್ದದ್ದು, ಯಾರ ಹೆಸರಿನಲ್ಲಿ ಇದ್ದದ್ದು, ವಸೂಲಿಗೆ ಬಂದದ್ದು, ಇವೆಲ್ಲ ಪರೀಕ್ಷಿಸಬಹುದಾದ ಸಂಗತಿಗಳು. ಕುಡಿತ ಇದ್ದರೂ ಅವು ನಿಜವೇ. ‘ಸಾಲದಿಂದಲೇ’ ಎಂದು ನಾನು ಬರೆದಿಲ್ಲವಾದ್ದರಿಂದ ‘ಸಾಲ ಅಲ್ಲ’ ಎಂಬ ಗುಸುಗುಸುವಿಗೂ ಜಾಗ ಕೊಡಬೇಕಾದ ಅಗತ್ಯ ಬರುವುದಿಲ್ಲ. ಸಮಿತಿಯ ಕೆಲಸ ಸಮಿತಿಗಿರಲಿ.

ಇನ್ನೊಂದು, ಹೆಂಡತಿ ಹೇಳಿದ್ದಕ್ಕೂ ಠಾಣೆಯ ದೂರಿಗೂ ಹೊಂದಿಕೆಯಾಗದಿದ್ದರೆ? ದೂರು ಯಾರ ಹೆಸರಿನಲ್ಲಿದೆ ನೋಡಿ ಎಂದಿದ್ದು ಇದಕ್ಕೇ. ಈ ಮನೆಯಲ್ಲಿ ದೂರು ಕೊಟ್ಟವರು ತಮ್ಮ, ಬರೆದವರು ಠಾಣೆಯ ರೈಟರ್. ಅದರಲ್ಲಿ ಸೊಸೈಟಿ ಮತ್ತು ಬ್ಯಾಂಕಿನ ಹೆಸರಿತ್ತು, ಸಂಘಗಳ ಹೆಸರಿರಲಿಲ್ಲ. ಆ ರಾತ್ರಿ ತಮ್ಮನಿಗೆ ನೆನಪಾದದ್ದು ಅಷ್ಟೇ. ‘ದೂರಿನಲ್ಲಿ ಇಲ್ಲದ ಸಾಲದ ಬಗ್ಗೆ ಈಗ ಹೇಳುತ್ತಿದ್ದಾರೆ’ ಎಂದು ಬರೆದರೆ ಅದು ಅಕ್ಷರಶಃ ನಿಜ, ಓದಿದವರಿಗೆ ಮಾತ್ರ ಮನೆಯವರು ಮಾತು ಬದಲಿಸಿದಂತೆ ಕಾಣುತ್ತದೆ. ಅವರನ್ನೇ ಕೇಳಿದೆ, ಕಾರ್ಡ್ ತೋರಿಸಿದರು, ವ್ಯತ್ಯಾಸ ಬಗೆಹರಿಯಿತು. ಬಗೆಹರಿಯದ ವ್ಯತ್ಯಾಸವಿದ್ದರೆ ಆ ಅಂಕಿಯನ್ನು ಬಿಡುತ್ತೇನೆ.

ಏಳುವ ಮೊದಲು ಬರೆದುಕೊಂಡಿದ್ದನ್ನು ಓದಿ ಹೇಳುವುದು ನನ್ನ ಪದ್ಧತಿ. ಅಂಕಿಗಳನ್ನು ಒಂದೊಂದಾಗಿ, ನಿಧಾನವಾಗಿ. ಎರಡು ಕಡೆ ಆಕೆ ತಿದ್ದಿದರು. ಬಂಗಾರ ಇಟ್ಟದ್ದು ಮೇ ಅಲ್ಲ, ಏಪ್ರಿಲ್. ಒಂದು ಮಾತನ್ನು ತೆಗೆಯಿರಿ ಎಂದರು. ಅತ್ತೆಯ ಬಗ್ಗೆ ಬೇಸರದಲ್ಲಿ ಆಡಿದ್ದು, ತೆಗೆದೆ. ಅದರಿಂದ ವರದಿಗೆ ಏನೂ ಕಡಿಮೆಯಾಗಲಿಲ್ಲ. ‘ಮೂಲಗಳಿಗೆ ಓದಿ ತೋರಿಸಬಾರದು’ ಎಂದು ನಮಗೆ ಪತ್ರಿಕೋದ್ಯಮದ ತರಗತಿಯಲ್ಲಿ ಹೇಳಿಕೊಟ್ಟಿದ್ದಾರೆ. ಆ ನಿಯಮ ಶಾಸಕರಿಗೆ, ಅಧಿಕಾರಿಗಳಿಗೆ ಸರಿ. ಅವರಿಗೆ ಅಧಿಕಾರವಿದೆ, ಒತ್ತಡ ಹಾಕಬಲ್ಲರು. ಈಕೆ ಯಾರ ಮೇಲೆ ಒತ್ತಡ ಹಾಕಿಯಾರು?

ಫೋಟೊ ಬಗ್ಗೆ ಎರಡೇ ಮಾತು. ಹಾರ ಹಾಕಿದ ಚಿತ್ರವನ್ನು ಹೆಂಡತಿಯ ಕೈಗೆ ಕೊಟ್ಟು, ಮಕ್ಕಳನ್ನು ಆಚೀಚೆ ನಿಲ್ಲಿಸಿ ತೆಗೆಯುವ ಫೋಟೊವನ್ನು ನಿಲ್ಲಿಸಬೇಕು. ಅದೇ ಮಗು ಮರುದಿನ ಶಾಲೆಗೆ ಹೋಗುತ್ತದೆ. ಆ ವರದಿಯ ಜೊತೆ ಹೋದದ್ದು ಒಣಗಿದ ಗೋವಿನಜೋಳದ ಹೊಲದ ಚಿತ್ರ, ಅದೂ ಅವರ ಹೊಲದ್ದಲ್ಲ, ಊರ ಹೊರಗಿನದು. ಮಕ್ಕಳನ್ನು ನಾನು ಏನೂ ಕೇಳುವುದಿಲ್ಲ, ಹೆಸರನ್ನೂ ಬರೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಮಾಡಲು ಸಮಯ ಎಲ್ಲಿದೆ ಎಂದು ತಾಲ್ಲೂಕಿನಲ್ಲಿ ಬಿಡಿ ಸುದ್ದಿಗೆ ದುಡ್ಡು ಎಣಿಸುವ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಈ ಮನೆಯಲ್ಲಿ ನಾನು ಕೂತದ್ದು ನಲವತ್ತು ನಿಮಿಷ. ಪಹಣಿ, ಠಾಣೆ, ಸೊಸೈಟಿ, ಸಂಘದ ಶಾಖೆ ಸೇರಿ ಒಂದೂವರೆ ದಿನ. ವರದಿಗೆ ಸಿಕ್ಕ ಸಂಭಾವನೆ ಪೆಟ್ರೋಲಿಗೆ ಸರಿಹೋಯಿತು. ಎಲ್ಲ ಸಾವಿಗೂ ಹೀಗೆ ಮಾಡಲು ಯಾರಿಂದಲೂ ಆಗದು. ವರ್ಷಕ್ಕೆ ಎರಡು ಮನೆಯ ಲೆಕ್ಕ ಹೀಗೆ ಬಿಡಿಸಿ, ಉಳಿದದ್ದಕ್ಕೆ ನಾಲ್ಕು ವಾಕ್ಯ ಬರೆದು ಅಂಗಳಕ್ಕೆ ಹೋಗದೇ ಇದ್ದರೂ ನಡೆಯುತ್ತದೆ. ಹೋಗದೇ ಇರುವುದಕ್ಕೆ ಪೆಟ್ರೋಲೂ ಬೇಡ.

ಕೊನೆಯದಾಗಿ ಒಂದು ವಿಷಯ, ಇದನ್ನು ಯಾರೂ ನಮಗೆ ಕಲಿಸುವುದಿಲ್ಲ. ಮಾತಿನ ಮಧ್ಯೆ ಮನೆಯವರಲ್ಲಿ ಯಾರಾದರೂ ‘ನಾನೂ ಹೋಗಿಬಿಟ್ಟಿದ್ರ ಚಲೋ ಇತ್ತು’ ಎಂದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವ ಸಾಲು ಎಂದುಕೊಳ್ಳಬೇಡಿ. ಅಲ್ಲಿಗೆ ಸಂದರ್ಶನ ನಿಲ್ಲಿಸಿ, ಪುಸ್ತಕ ಮುಚ್ಚಿ. ಅವರು ಇನ್ನೂ ಏನಾದರೂ ಹೇಳಿದರೆ ಕೇಳಿಸಿಕೊಳ್ಳಿ, ಬುದ್ಧಿ ಹೇಳಲು ಹೋಗಬೇಡಿ. ಹೊರಗೆ ಬಂದು, ಕರೆದುಕೊಂಡು ಹೋಗಿದ್ದ ಹಿರಿಯರಿಗೆ ಆ ಮಾತನ್ನು ಹೇಳಿ, ರಾತ್ರಿ ಅವರನ್ನು ಒಬ್ಬರೇ ಬಿಡಬೇಡಿ ಎನ್ನಿ. ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಆ ನಂಬರನ್ನು ವರದಿಯ ಕೆಳಗೆ ಹಾಕುತ್ತೇವಲ್ಲ, ಒಂದು ಚೀಟಿಯಲ್ಲಿ ಬರೆದು ಆ ಮನೆಯಲ್ಲೂ ಕೊಟ್ಟು ಬನ್ನಿ.